ಮಧ್ಯಾಹ್ನದ ನಿದ್ದೆ: ಎಷ್ಟು ಹೊತ್ತು, ಯಾವಾಗ?

"ಹಗಲು ಒಂದು ಗಂಟೆ ಮಲಗಿದರೆ ಎದ್ದಾಗ ತಲೆ ಭಾರ, ರಾತ್ರಿ ನಿದ್ದೆ ಬರಲ್ಲ. ಎಷ್ಟು ನಿಮಿಷ ಮಲಗಬೇಕು, ಯಾವಾಗ?"

20 ನಿಮಿಷ ಸಾಕು, ಅದೂ ಮಧ್ಯಾಹ್ನ ಮೂರರೊಳಗೆ. ನನಗೂ ನಿಮ್ಮ ಹಾಗೇ ಆಗ್ತಿತ್ತು. ಕೆಲಸ ಮುಗಿಸಿ ಸಂಜೆ ಐದಕ್ಕೆ ಮಲಗಿದರೆ ಆರೂಕಾಲಿಗೆ ಎಚ್ಚರ. ಹೊರಗೆ ಕತ್ತಲಾಗ್ತಾ ಇರುತ್ತೆ, ಬೆಳಗಾಗ್ತಿದೆಯೋ ಸಂಜೆಯೋ ಅಂತಾನೇ ಗೊತ್ತಾಗಲ್ಲ. ಮುಖ ತೊಳೆದರೂ ಅರ್ಧ ಗಂಟೆ ಮಂಪರು. ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ.

ತಲೆ ಭಾರವಾಗೋದಕ್ಕೆ ಕಾರಣ ನಿದ್ದೆಯ ಆಳ. ಮೊದಲ 20 ನಿಮಿಷ ಸಾಮಾನ್ಯವಾಗಿ ಹಗುರ ನಿದ್ದೆಯೇ. ಯಾರಾದರೂ ಕರೆದರೆ ತಟ್ಟನೆ ಎದ್ದುಬಿಡಬಹುದು. ಸುಮಾರು ಅರ್ಧ ಗಂಟೆ ದಾಟಿದ ಮೇಲೆ ಗಾಢ ನಿದ್ದೆ ಶುರುವಾಗುತ್ತೆ. ಅದರ ನಡುವೆ ಎದ್ದರೆ ಮೈ ಎದ್ದಿರುತ್ತೆ, ಮೆದುಳು ಇನ್ನೂ ಎದ್ದಿರಲ್ಲ. ರಾತ್ರಿ ಸರಿಯಾಗಿ ನಿದ್ದೆ ಆಗಿಲ್ಲದಿದ್ದರೆ ಗಾಢ ನಿದ್ದೆ ಇನ್ನೂ ಬೇಗ ಬರುತ್ತೆ, ಆಗ 15 ನಿಮಿಷವೇ ಒಳ್ಳೇದು.

ರಾತ್ರಿಯದ್ದು ಬೇರೆ ಲೆಕ್ಕ. ಎದ್ದಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಕೂಡ್ತಾ ಹೋಗುತ್ತೆ. ಅದು ಜಾಸ್ತಿಯಾದಷ್ಟೂ ನಿದ್ದೆ ಎಳೆಯುತ್ತೆ. ಮಲಗಿದಾಗ ಅದು ಕರಗುತ್ತೆ. ಸಂಜೆ ಒಂದು ಗಂಟೆ ಮಲಗಿದರೆ, ರಾತ್ರಿಗೆ ಅಂತ ಕೂಡಿಟ್ಟ ನಿದ್ದೆಯನ್ನು ಆಗಲೇ ಖರ್ಚು ಮಾಡಿದ ಹಾಗೆ. ಮಧ್ಯಾಹ್ನ 20 ನಿಮಿಷ ಮಲಗಿದರೆ ಕರಗೋದು ಸ್ವಲ್ಪ, ಮತ್ತೆ ಕೂಡಿಕೊಳ್ಳೋಕೆ ಸಮಯವೂ ಬೇಕಾದಷ್ಟಿರುತ್ತೆ.

ನಾನು ಬೆಳಿಗ್ಗೆ ಆರೂವರೆಗೆ ಎದ್ದು ರಾತ್ರಿ ಹತ್ತೂವರೆಗೆ ಮಲಗುತ್ತೇನೆ. ಮಧ್ಯಾಹ್ನ ಒಂದರಿಂದ ಮೂರರ ಮಧ್ಯೆ ಊಟ ಮಾಡದಿದ್ದರೂ ಮೈಗೆ ಜೊಂಪು ಬರುತ್ತೆ, ಅದು ದೇಹದ ಗಡಿಯಾರದ್ದೇ ಸ್ವಭಾವ. ಹಾಗಾಗಿ ಒಂದೂವರೆಗೆ ಅಡ್ಡಾಗುತ್ತೇನೆ. ಅಲಾರಂ 25 ನಿಮಿಷಕ್ಕೆ, ಯಾಕೆಂದರೆ ನಿದ್ದೆ ಹತ್ತೋಕೆ ಐದು ನಿಮಿಷ ಬೇಕಲ್ವಾ? ಫೋನನ್ನು ಕೈಗೆ ಸಿಗದ ಹಾಗೆ ಮೇಜಿನ ಮೇಲಿಡುತ್ತೇನೆ. ಪಕ್ಕದಲ್ಲಿದ್ದರೆ "ಇನ್ನೈದು ನಿಮಿಷ" ಅಂತ ಒತ್ತಿಬಿಡ್ತೀನಿ, ಆ ಐದು ನಿಮಿಷ ಮುಕ್ಕಾಲು ಗಂಟೆ ಆಗುತ್ತೆ. ಎದ್ದ ಕೂಡಲೇ ಬೆಳಕಿಗೆ ಬಂದು ನಾಲ್ಕು ಹೆಜ್ಜೆ ಓಡಾಡುತ್ತೇನೆ. ನಿದ್ದೆ ಹತ್ತದೆ ಸುಮ್ನೆ ಕಣ್ಣು ಮುಚ್ಚಿಕೊಂಡಿದ್ದ ದಿನವೂ ಅಲಾರಂ ಹೊಡೆದ ತಕ್ಷಣ ಎದ್ದುಬಿಡುತ್ತೇನೆ.

ನೀವು ತಡವಾಗಿ ಮಲಗುವವರಾದರೆ ಸಮಯ ಸ್ವಲ್ಪ ಮುಂದಕ್ಕೆ ಹೋಗಬಹುದು. ಹಗಲು ನಿದ್ದೆ ಮುಗಿದ ಮೇಲೆ ರಾತ್ರಿ ಮಲಗೋಕೆ ಏಳೆಂಟು ಗಂಟೆ ಉಳಿದಿರಲಿ.

ಎರಡು ವಾರ ಹೀಗೆ ಮಾಡಿಯೂ ರಾತ್ರಿ ನಿದ್ದೆಗೆ ಒದ್ದಾಡಿದರೆ ಹಗಲು ನಿದ್ದೆಯನ್ನೇ ಪೂರ್ತಿ ಬಿಟ್ಟು ನೋಡಿ. ರಾತ್ರಿ ಏಳೆಂಟು ಗಂಟೆ ಮಲಗಿದರೂ ಹಗಲು ಕೂತಲ್ಲೇ ತೂಕಡಿಕೆ, ಜೊತೆಗೆ ಜೋರು ಗೊರಕೆ ಇದ್ದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.