ಫೋಟೋದಲ್ಲಿರುವ ನೋಟ್ಸ್ ಅಚ್ಚುಕಟ್ಟು ಮಾಡುವುದು

ಪ್ರಶ್ನೆ: ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ಇತಿಹಾಸದ ಕೈಬರಹದ ನೋಟ್ಸ್ ಫೋಟೋಗಳಿವೆ. ಅರ್ಧ ಓದಲಾಗುತ್ತಿಲ್ಲ, ಹೇಗೆ ಜೋಡಿಸಲಿ?

ಉತ್ತರ: ಮೊದಲು ಪುಟದ ಕ್ರಮದಲ್ಲಿ ಫೋಟೋಗಳಿಗೆ ನಂಬರ್ ಕೊಡಿ. ಆಮೇಲೆ ತಲೆಬರಹಗಳನ್ನಷ್ಟೇ ಬರೆದುಕೊಂಡು, ಉಳಿದದ್ದನ್ನು ಅವುಗಳ ಕೆಳಗೆ ಸೇರಿಸಿ. ಅಂಚಿನಲ್ಲಿ ಬಾಣ ಹಾಕಿ ಬರೆದದ್ದು ಎಷ್ಟೋ ಸಲ ಹಿಂದಿನ ತಲೆಬರಹಕ್ಕೆ ಸೇರಿರುತ್ತದೆ, ಜೋಪಾನ. ಓದಲಾಗದ ಕಡೆ ಗುರುತು ಹಾಕಿ, ಉದಾಹರಣೆಗೆ ಹೀಗೆ:

1. ಅಶೋಕನ ಶಾಸನಗಳು
1.1 ಮಸ್ಕಿ: ಅಶೋಕನ ಹೆಸರೇ ಇದೆ
1.1.1 ಪತ್ತೆಯಾದ ವರ್ಷ: [? 1915 / 1975, ಫೋಟೋ 3, ಸಾಲು 6]
1.2 ಕೊಪ್ಪಳ: ಗವಿಮಠ, [ಓದಲಾಗಿಲ್ಲ, ಫೋಟೋ 4, ಸಾಲು 2]

ಅನುಮಾನವಿದ್ದಲ್ಲಿ "?", ಏನೂ ಓದಲಾಗದಿದ್ದಲ್ಲಿ "ಓದಲಾಗಿಲ್ಲ", ಹೀಗೆ ಎರಡು ಗುರುತು ಬೇರೆ ಬೇರೆ ಇರಲಿ. ಮೊದಲನೆಯದಕ್ಕೆ ಪುಸ್ತಕ ನೋಡಿದರೆ ಸಾಕು: 1915 ಸರಿ. ಎರಡನೆಯದಕ್ಕೆ ಗೆಳೆಯರ ನೋಟ್ಸ್ ಬೇಕು. ಅದು ಪಾಲ್ಕಿಗುಂಡು ಇರಬಹುದು ಅನ್ನಿಸಿದರೂ ಸುಮ್ನೆ ತುಂಬಬೇಡಿ. ನೋಡಿ ಖಚಿತವಾದ ಮೇಲೆಯೇ ಗುರುತು ಅಳಿಸಿ.