ಹಳೇ ಮನೆ ಮೇಲೆ ಮಹಡಿ: ಎಂಜಿನಿಯರ್‌ಗೆ ಏನಂತ ಬರೆದು ಕೊಡಬೇಕು

"ಮೈಸೂರಲ್ಲಿ ಅಪ್ಪ 1984ರಲ್ಲಿ ಕಟ್ಟಿಸಿದ ಮನೆ ಇದೆ, ಪಿಲ್ಲರ್ ಇಲ್ಲ. ಮೇಲೊಂದು ಮಹಡಿ ಕಟ್ಟೋಣ ಅಂತಿದ್ದೀವಿ. ಮೇಸ್ತ್ರಿ ಧೈರ್ಯವಾಗಿ ಕಟ್ಟಿ ಅಂತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಏನು ಕೇಳಬೇಕು?"

ನಾನು ಇದೇ ಕೆಲಸ ಮಾಡುವವನು. "ಮಹಡಿ ಕಟ್ಟಬಹುದಾ ಸಾರ್" ಅಂತ ಬಾಯಿಮಾತಲ್ಲಿ ಕೇಳಬೇಡಿ. ಗೋಡೆ ತಟ್ಟಿ ನೋಡಿ ಹೌದು ಅಂದುಬಿಡುವವರೂ ಇದ್ದಾರೆ. ಪಾಯ ಅಗೆದು ನೋಡಿ, ಭಾರದ ಲೆಕ್ಕ ಹಾಕಿ, ಸಹಿ ಮಾಡಿದ ವರದಿ ಕೊಡಿ ಅಂತ ಬರೆದು ಕೇಳಿ. ಯಾಕೆ ಅಂತ ಒಂದು ಲೆಕ್ಕದಿಂದಲೇ ತೋರಿಸ್ತೀನಿ.

ಎರಡೂ ಕಡೆ ಹತ್ತಡಿ ಅಗಲದ ಕೋಣೆಗಳಿರುವ ನಡುಗೋಡೆ ತಗೊಳ್ಳಿ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಒಂದು ಮೀಟರ್ ಉದ್ದಕ್ಕೆ ಸುಮಾರು 1.4 ಟನ್ ತೂಗುತ್ತದೆ. ಅದರ ಮೇಲೆ ಕೂತ ತಾರಸಿ, ನೀರು ಸೋರದ ಹಾಗೆ ಹಾಕಿದ ಗಾರೆ, ಓಡಾಡುವ ಜನ ಎಲ್ಲ ಸೇರಿ 1.8 ಟನ್. ಪಾಯದ ಕಲ್ಲಿನದೇ ತೂಕ ಒಂದು ಟನ್. ಪಾಯ ಎರಡಡಿ ಅಗಲ ಇದ್ದರೆ ಈಗ ಮಣ್ಣಿನ ಮೇಲೆ ಚದರ ಮೀಟರ್‌ಗೆ ಏಳು ಟನ್ ಕೂತಿದೆ. ಇನ್ನೊಂದು ಮಹಡಿ ಬಂದರೆ ಅದು ಹನ್ನೆರಡು ದಾಟುತ್ತದೆ. ಗಟ್ಟಿ ಗರಸು ಇದ್ದರೆ ಇದೇನೂ ಹೆಚ್ಚಲ್ಲ. ತುಂಬಿಸಿದ ಮಣ್ಣೋ ಎರೆಮಣ್ಣೋ ಆದರೆ ಮನೆ ಒಂದು ಕಡೆ ಇಳಿಯಬಹುದು. ನಲವತ್ತು ವರ್ಷ ಅಲ್ಲಾಡದೆ ನಿಂತಿದೆ ಅನ್ನುವುದು ಆ ಏಳು ಟನ್ನಿಗೆ ಮಾತ್ರ ಸಾಕ್ಷಿ. ಮೇಸ್ತ್ರಿ ತಪ್ಪು ಹೇಳುತ್ತಿಲ್ಲ, ಅವರಿಗೆ ಕಾಣುವುದು ನೆಲದ ಮೇಲಿನದು.

ಇದೇ ಥರದ ಒಂದು ಮನೆಯಲ್ಲಿ ಗೋಡೆ ಪಕ್ಕ ಎರಡು ಗುಂಡಿ ತೆಗೆಸಿದೆ. ಮುಂದಿನ ಗುಂಡಿಯಲ್ಲಿ ಮೂರಡಿ ಆಳಕ್ಕೆ ಸೈಜುಗಲ್ಲು, ಸಿಮೆಂಟ್ ಗಾರೆ, ಕೆಳಗೆ ಹಾರೆ ಹಾಕಿದರೂ ಜಗ್ಗದ ಗರಸು. ಹಿಂದೆ ಅಡುಗೆಮನೆ ಹತ್ತಿರ ತೆಗೆದಾಗ ಪಾಯ ಒಂದೂವರೆ ಅಡಿಗೇ ಮುಗಿದಿತ್ತು. ಕಲ್ಲಿನ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದರೆ ಒದ್ದೆ ಮಣ್ಣು ಉದುರಿತು. ಅಲ್ಲಿ ಸಿಮೆಂಟೇ ಇರಲಿಲ್ಲ, ಬಚ್ಚಲ ನೀರು ವರ್ಷಗಟ್ಟಲೆ ಅಲ್ಲೇ ಇಂಗಿತ್ತು. ಆಗ ಮನೆಯ ಯಜಮಾನರು ನೆನಪು ಮಾಡಿಕೊಂಡು, "ಅಡುಗೆಮನೆ ಆಮೇಲೆ ಸೇರಿಸಿದ್ದು" ಅಂದರು. ಮಹಡಿಯನ್ನು ಮುಂದಿನ ಮೂರು ಕೋಣೆಗಳ ಮೇಲೆ ಮಾತ್ರ ಕಟ್ಟಿಸಿ, ಹಿಂಭಾಗವನ್ನು ಬರೀ ತಾರಸಿಯಾಗಿ ಬಿಡಿಸಿದೆ. ಒಂದೇ ಗುಂಡಿ ತೆಗೆದಿದ್ದರೆ ನಾನೂ ಹೌದು ಅಂದುಬಿಡುತ್ತಿದ್ದೆ.

ಹಾಗಾಗಿ ನಿಮ್ಮ ಕೋರಿಕೆ ಹೀಗಿರಲಿ:

"1984ರಲ್ಲಿ ಕಟ್ಟಿದ ಮನೆ, ಗೋಡೆಗಳೇ ಭಾರ ಹೊರುತ್ತವೆ. ಆಮೇಲೆ ಸೇರಿಸಿದ ಕೋಣೆ, ಒಡೆದ ಗೋಡೆ, ನೀರು ಸೋರುವ ಜಾಗ, ಬಿರುಕುಗಳನ್ನು ಜೊತೆಗಿರುವ ನಕ್ಷೆಯಲ್ಲಿ ಗುರುತಿಸಿದ್ದೇನೆ. ಮೇಲೆ ಕಟ್ಟಬೇಕೆಂದಿರುವ ಕೋಣೆಗಳ ನಕ್ಷೆಯೂ ಇದೆ. ಪ್ರತಿ ಭಾಗದಲ್ಲಿ ಪಾಯ ಅಗೆದು ಅದರ ಅಗಲ, ಆಳ, ಕೆಳಗಿನ ಮಣ್ಣು ನೋಡಿ. ಗೋಡೆಯ ಗಾರೆ ಮತ್ತು ತಾರಸಿಯ ಕಬ್ಬಿಣ ಪರೀಕ್ಷಿಸಿ. ಎಲ್ಲಿ ಕಟ್ಟಬಹುದು, ಎಲ್ಲಿ ಬಾರದು, ಎಲ್ಲಿ ಮೊದಲು ಬಲಪಡಿಸಬೇಕು ಅಂತ ಲೆಕ್ಕದ ಸಮೇತ ತಿಳಿಸಿ."

ಒಡೆದ ಗೋಡೆಯ ವಿಷಯ ಮುಚ್ಚಿಡಬೇಡಿ. ಹಾಲ್ ದೊಡ್ಡದಾಗಲಿ ಅಂತ ನಡುಗೋಡೆ ತೆಗೆದಿದ್ದರೆ ಅದರ ಭಾರ ಈಗ ಬೇರೆಲ್ಲೋ ಹೋಗುತ್ತಿರುತ್ತದೆ. ಮಹಡಿಯ ಗೋಡೆಗಳು ಕೆಳಗಿನ ಗೋಡೆಗಳ ನೇರಕ್ಕೇ ಬರುವ ಹಾಗೆ ನಕ್ಷೆ ಮಾಡಿಸಿ.

ತಾರಸಿ ಪರೀಕ್ಷೆಗೆ ರಿಬೌಂಡ್ ಹ್ಯಾಮರ್ ಅನ್ನುವ ಉಪಕರಣ ಒತ್ತಿ ಬಂದ ಅಂಕಿ ಒಂದನ್ನೇ ತೋರಿಸಿದರೆ ಒಪ್ಪಬೇಡಿ. ಅದು ಕಾಂಕ್ರೀಟಿನ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಹಳೇ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಗಡುಸಾಗಿರುವುದರಿಂದ ಅಂಕಿ ಇರುವುದಕ್ಕಿಂತ ಚೆನ್ನಾಗಿ ಬರುತ್ತದೆ. ಬಚ್ಚಲಿನ ಮೇಲೆ ಒಂದೆರಡು ಕಡೆ ಕಬ್ಬಿಣ ಕಾಣುವ ತನಕ ಕೆತ್ತಿಸಿ, ಫಿನಾಲ್ಫ್ತಲೀನ್ ಅನ್ನುವ, ಬಣ್ಣ ಬದಲಿಸಿ ತೋರಿಸುವ ದ್ರಾವಣ ಸಿಂಪಡಿಸಲು ಹೇಳಿ. ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಇನ್ನೂ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತಿದೆ. ಕಬ್ಬಿಣದವರೆಗೂ ಬಣ್ಣವೇ ಬರದಿದ್ದರೆ ಆ ಕಾವಲು ಹೋಗಿದೆ ಅಂತ ಅರ್ಥ.

ಗುಂಡಿಯನ್ನು ಮಳೆಗಾಲದಲ್ಲಿ ತೆಗೆಸಬೇಡಿ, ಮನೆಯ ಮೂಲೆಯಲ್ಲೂ ಬೇಡ. ಮೂರಡಿ ಉದ್ದ ಸಾಕು. ಪಾಯದ ತಳ ಕಂಡ ಮೇಲೆ ಅದರ ಕೆಳಗಿನ ಮಣ್ಣು ಕೆದಕಿಸದೆ, ಅಳತೆ ಮತ್ತು ಫೋಟೋ ತೆಗೆದು ಅದೇ ದಿನ ದಮ್ಮಸ್ಸು ಮಾಡಿ ಮುಚ್ಚಿಸಿ. ನೀರಿನ ಟ್ಯಾಂಕ್ ಎಲ್ಲಿ ಬರುತ್ತದೆ ಅಂತಲೂ ನಕ್ಷೆಯಲ್ಲಿ ಹಾಕಿ. ಸಾವಿರ ಲೀಟರ್ ಅಂದರೆ ನೀರೇ ಒಂದು ಟನ್. ಅದು ಕೋಣೆಯ ನಡುವೆ ಬಾರದೆ ಎರಡು ಗೋಡೆ ಕೂಡುವ ಜಾಗದಲ್ಲಿ ಕೂರಬೇಕು.