ಸತ್ತ ಮೇಲೆ ಮನೆ ಮಾರಿದ ಅಪ್ಪ

"ಫ್ರೆಂಚ್‌ನಲ್ಲಿ ಬರೆದ ನನ್ನ ಮೊದಲ ಕಥೆ ಕಳಿಸಿದ್ದೇನೆ. ಪ್ಲು-ಕ-ಪಾರ್ಫೆ ಜಾಸ್ತಿ ಆಯ್ತು ಅಂತ ನಮ್ಮ ಟೀಚರ್ ಹೇಳ್ತಾರೆ. ಬೇಕಾದಲ್ಲೇ ಇಲ್ಲ ಅಂತ ಗೆಳತಿ ಹೇಳ್ತಾಳೆ. ಯಾರ ಮಾತು ಕೇಳಲಿ? ದಾಕ್ಷಿಣ್ಯ ಇಲ್ಲದೆ ಹೇಳಿ."

ಇಬ್ಬರದ್ದೂ ಸರಿ. ನಿಮ್ಮ ಮೊದಲ ಪುಟದಲ್ಲಿ 'ಹೋಗಿದ್ದೆ, ಬಂದಿದ್ದೆ' ಥರದ ಈ ಭೂತಕಾಲ ಜಾಸ್ತಿ, ಎರಡನೆಯದರಲ್ಲಿ ಬೇಕಾದ ಕಡೆಯೇ ಇಲ್ಲ. ಈಗಿರುವ ಹಾಗೆ ಕಥೆಯನ್ನು ಹಾಕಿಕೊಳ್ಳುವುದಿಲ್ಲ. ಆದರೆ ಕೆಟ್ಟಿರುವುದು ಕಥೆಯಲ್ಲ, ಕಾಲಗಳ ಜೋಡಣೆ. ಅದನ್ನು ಸರಿಮಾಡಬಹುದು.

ಮೊದಲ ಪುಟ ನೋಡೋಣ. ಮಾರ್ತ್ ರೂಆಂ ಊರಿನಲ್ಲಿ ರೈಲಿಂದ ಇಳಿಯುತ್ತಾಳೆ, ಟ್ರಾಮ್ ಹತ್ತುತ್ತಾಳೆ, ಅಪ್ಪನ ಬ್ರೆಡ್ ಅಂಗಡಿಯ ಬೀದಿಗೆ ಬರುತ್ತಾಳೆ. ಇದನ್ನೆಲ್ಲ ನೀವು 'ಏತೆ ದೆಸಾಂದ್ಯು', 'ಆವೆ ಪ್ರೀ' ಅಂತ ಬರೆದಿದ್ದೀರಿ. ಇಳಿದಿದ್ದಳು, ಹತ್ತಿದ್ದಳು, ಬಂದಿದ್ದಳು. ಸಾಲಾಗಿ 5 ವಾಕ್ಯ. ಓದುವ ಫ್ರೆಂಚ್‌ನವರು ಪ್ರತಿ ವಾಕ್ಯಕ್ಕೂ "ಸರಿ, ಆಮೇಲೆ ಏನಾಯ್ತು?" ಅಂತ ಕಾಯುತ್ತಾರೆ. ಆಮೇಲೆ ಏನೂ ಆಗುವುದಿಲ್ಲ, ಪುಟ ಮುಗಿಯುತ್ತದೆ.

ಈ ತಪ್ಪಿನ ಬೇರು ಕನ್ನಡದಲ್ಲಿದೆ ಅಂತ ನನ್ನ ಅನುಮಾನ. "ಹೋದ ವರ್ಷ ಮೈಸೂರಿಗೆ ಹೋಗಿದ್ದೆ" ಅಂತ ನಾವು ಸುಮ್ನೆ ಹೇಳುತ್ತೇವೆ. ಅದಾದ ಮೇಲೆ ಇನ್ನೊಂದು ಘಟನೆ ಬರಬೇಕು ಅಂತೇನಿಲ್ಲ. ಹೋಗಿ ಬಂದ ವಿಷಯ ಅಷ್ಟೇ. ಫ್ರೆಂಚ್‌ನಲ್ಲಿ ಇದಕ್ಕೆ ಪಾಸೆ ಕೊಂಪೋಸೆ, ಅಂದರೆ 'ಹೋದೆ' ಥರದ ಸಾದಾ ಭೂತಕಾಲ ಸಾಕು: 'ಜ ಸ್ಯುಯಿ ಆಲೆ'. 'ಜೇತೆ ಆಲೆ' ಅಂದರೆ ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ. ಹೋಗಿದ್ದೆ, ಯಾವುದಕ್ಕಿಂತ ಮೊದಲು? ಕಥೆಯಲ್ಲಿ ಈ ಕಾಲಕ್ಕೆ ಒಂದು ಗೂಟ ಬೇಕು. ಹಿಂದೆ ಆಗಿಹೋದ ಒಂದು ಹೊತ್ತು, ಅಲ್ಲಿ ನಿಂತು ಅದಕ್ಕೂ ಹಿಂದಕ್ಕೆ ನೋಡಬೇಕು. ಆ ಗೂಟ ಆಮೇಲೆ ಬಂದರೂ ನಡೆಯುತ್ತದೆ. ಬರದೇ ಇದ್ದರೆ ನಡೆಯುವುದಿಲ್ಲ. (ಒಂದು ಕಡೆ ಮಾತ್ರ ಎರಡೂ ಭಾಷೆ ಚೆನ್ನಾಗಿ ಹೊಂದುತ್ತವೆ. "ಒಂದು ಮಾತು ಕೇಳೋಣ ಅಂತ ಬಂದಿದ್ದೆ" ಅಂತ ನಾವು ವಿನಯದಿಂದ ಹೇಳುತ್ತೇವಲ್ವಾ? ಅವರೂ 'ಜೇತೆ ವನ್ಯು' ಅಂತಲೇ ಶುರುಮಾಡುತ್ತಾರೆ, ಎದುರಿಗೇ ನಿಂತಿದ್ದರೂ.)

ಹಾಗಾಗಿ ಮೊದಲ ಪುಟದ ಐದನ್ನೂ ಪಾಸೆ ಕೊಂಪೋಸೆಗೆ ತನ್ನಿ. ಇಳಿದಳು, ಹತ್ತಿದಳು, ಬಂದಳು. ಆ ಕಾಲದಲ್ಲಿ ಒಂದರ ಹಿಂದೆ ಒಂದು ಬರೆದರೆ, ಅದೇ ಸಾಲಿನಲ್ಲಿ ನಡೆಯಿತು ಅಂತ ಓದುಗರು ತಿಳಿಯುತ್ತಾರೆ. ಅಲ್ಲಿ ನಿಮಗೆ ಬೇಕಿರುವುದೂ ಅದೇ.

ಆದರೆ ಎರಡನೇ ಪುಟದಲ್ಲಿ ನಿಮ್ಮನ್ನು ಕೆಡವಿರುವುದೂ ಇದೇ ಗುಣ. ಪಕ್ಕದ ಮನೆಯಾಕೆ ಮಾರ್ತ್‌ಗೆ, ಅಪ್ಪ ಮಾರ್ಚ್‌ನಲ್ಲಿ ತೀರಿಕೊಂಡರು ಅಂತ ಹೇಳುತ್ತಾಳೆ. ಇಲ್ಲಿ 'ಏತೆ ಮೋರ್' ಅಂತ ಸರಿಯಾಗಿಯೇ ಬರೆದಿದ್ದೀರಿ. ಆಕೆ ಹೇಳಿದ್ದಕ್ಕಿಂತ ಸಾವು ಹಿಂದಿನದು. ಮುಂದಿನ ವಾಕ್ಯ: 'ಇಲ್ ಆ ವಾಂದ್ಯು ಲಾ ಮೆಝೋಂ', ಮನೆ ಮಾರಿದ. ಅಂದರೆ ಸತ್ತ ಮೇಲೆ ಅಪ್ಪ ಎದ್ದು ಬಂದು ಮನೆ ಮಾರಿದ! ನಾನು ಕಾಫಿ ಕುಡಿಯುತ್ತಾ ಓದುತ್ತಿದ್ದೆ, ನಗು ಬಂತು. ಅದು ನೀವು ಅಳಿಸಬೇಕು ಅಂದುಕೊಂಡ ಜಾಗ.

'ಆ' ಬದಲು 'ಆವೆ' ಹಾಕಿದರೆ ಮುಗಿಯಿತು ಅಂತ ನಿಮಗೆ ಅನಿಸಬಹುದು. ರಚನೆ ಅಷ್ಟೇ ತಾನೇ: ಆವ್ವಾರ್ ಅಥವಾ ಎತ್ರ್ ಅನ್ನುವ ಸಹಾಯಕ ಕ್ರಿಯಾಪದವನ್ನು ಅಂಪಾರ್ಫೆಯಲ್ಲಿ, ಅಂದರೆ 'ಹೋಗುತ್ತಿದ್ದೆ' ಥರದ ಕಾಲದಲ್ಲಿ ಇಟ್ಟು, ಜೊತೆಗೆ ಕ್ರಿಯಾಪದದ ಭೂತರೂಪ. ಆದರೆ 'ಇಲ್ ಆವೆ ವಾಂದ್ಯು' ಅಂದರೂ ಮುಜುಗರ ಪೂರ್ತಿ ಹೋಗುವುದಿಲ್ಲ. ಪ್ಲು-ಕ-ಪಾರ್ಫೆ ಕಥೆಯ ಹೊತ್ತಿನಿಂದ ಒಂದು ಮೆಟ್ಟಿಲು ಹಿಂದಕ್ಕೆ ಇಳಿಸುತ್ತದೆ, ಅಷ್ಟೇ. ಇಳಿದ ಮೇಲೆ ಅಲ್ಲಿ ಎರಡು ಘಟನೆ ಇದ್ದರೆ, ಯಾವುದು ಮೊದಲು ಅಂತ ಅದು ಹೇಳುವುದಿಲ್ಲ. ಬರೆದ ಸಾಲಿನಲ್ಲೇ ಓದುಗರು ಮುಂದಕ್ಕೆ ನಡೆಯುತ್ತಾರೆ: ಸತ್ತಿದ್ದ, ಆಮೇಲೆ ಮಾರಿದ್ದ. ಇಲ್ಲಿ ಇನ್ನೊಂದು ಮಾತಿನ ಸಹಾಯ ಬೇಕು. 'ಇಲ್ ಆವೆ ದೇಜಾ ವಾಂದ್ಯು ಲಾ ಮೆಝೋಂ ಆಂ ಜಾಂವ್ಯೇ': ಜನವರಿಯಲ್ಲೇ ಮನೆ ಮಾರಿಬಿಟ್ಟಿದ್ದ. 'ದೇಜಾ' ಮತ್ತು ತಿಂಗಳ ಹೆಸರು ಎರಡನೇ ಮೆಟ್ಟಿಲಿನ ಕೆಲಸ ಮಾಡುತ್ತವೆ. ಅಥವಾ ವಾಕ್ಯಗಳ ಸಾಲನ್ನೇ ಬದಲಿಸಿ, ಮಾರಿದ್ದು ಮೊದಲು, ಸಾವು ಆಮೇಲೆ.

ಅಂಗಡಿಯ ಬಾಗಿಲಲ್ಲಿ ತಮ್ಮನ ಹೆಂಡತಿ ಬರುವ ಸಾಲು ಅಂಪಾರ್ಫೆಯಲ್ಲಿದೆ. ಇದನ್ನು ಒಂದು ಸಲ ಕಿವಿಗೊಟ್ಟು ಕೇಳಿ. 'ಮಾರ್ತ್ ಬಂದಾಗ' ಅಂತ ಆದ ಮೇಲೆ ಮೂರು ರೀತಿ ಬರೆಯಬಹುದು. 'ಎಲ್ ಪಾರ್ತೆ': ಆಕೆ ಹೊರಡುತ್ತಿದ್ದಳು, ಬಾಗಿಲಲ್ಲೇ ಮುಖಾಮುಖಿ ಆಗಬಹುದು. 'ಎಲ್ ಎ ಪಾರ್ತಿ': ಮಾರ್ತ್ ಬಂದಳು, ಇವಳು ಹೊರಟಳು, ಸಿಟ್ಟು ಬಂತೋ ಏನೋ. 'ಎಲ್ ಏತೆ ಪಾರ್ತಿ': ಮಾರ್ತ್ ಬರುವಷ್ಟರಲ್ಲಿ ಆಕೆ ಇರಲಿಲ್ಲ. ನಿಮ್ಮ ಕಥೆಯಲ್ಲಿ ಅವರಿಬ್ಬರು ಭೇಟಿಯೇ ಆಗುವುದಿಲ್ಲ. ಬೇಕಾದದ್ದು ಮೂರನೆಯದು. ಕನ್ನಡದಲ್ಲಿ ಹೊರಡುತ್ತಿದ್ದಳು, ಹೊರಟಳು, ಹೊರಟಿದ್ದಳು ಅಂತ ನೀವು ತಪ್ಪುತ್ತಲೇ ಇರಲಿಲ್ಲ.

ಮೂರನೇ ಪುಟದಲ್ಲಿ ಬಾಲ್ಯದ ನೆನಪು. ಅರ್ಧ ಪುಟಕ್ಕೆ 14 ಸಲ 'ಆವೆ'. ವ್ಯಾಕರಣ ತಪ್ಪಿಲ್ಲ, ಓದಲು ಆಗುವುದಿಲ್ಲ. ಅದರಲ್ಲಿ ಅರ್ಧ ಘಟನೆಗಳೇ ಅಲ್ಲ. ಒಲೆ ಬಿಸಿಯಾಗಿತ್ತು, ಅಪ್ಪ ದಿನಾ 3 ಗಂಟೆಗೆ ಏಳುತ್ತಿದ್ದ, ಕೈಯೆಲ್ಲ ಹಿಟ್ಟು. ಇವು ಸ್ಥಿತಿ, ಅಭ್ಯಾಸ. ಇವಕ್ಕೆ ಅಂಪಾರ್ಫೆ ಹಾಕಿ. ಒಂದೇ ಸಲ ನಡೆದ ಸಂಗತಿಗೆ, ಅಂದರೆ ಬೆಂಕಿ ಬಿದ್ದ ರಾತ್ರಿಗೆ ಮಾತ್ರ ಪ್ಲು-ಕ-ಪಾರ್ಫೆ ಇಟ್ಟುಕೊಳ್ಳಿ. ಅಲ್ಲೂ ಒಬ್ಬರೇ ಸಾಲಾಗಿ ಮಾಡಿದ ಕೆಲಸಗಳಿಗೆ ಸಹಾಯಕ ಒಂದೇ ಇದ್ದರೆ, ಅದನ್ನು ಒಂದೇ ಸಲ ಹೇಳಿದರೆ ಸಾಕು: 'ಆವೆ ಫೆರ್ಮೆ ಲಾ ಪೋರ್ತ್, ಎತ್ಯಾಂ ಲಾ ಲಾಂಪ್'. ಬಾಗಿಲು ಹಾಕಿ, ದೀಪ ಆರಿಸಿದ್ದ. ನಡುವೆ 'ಏತೆ' ಕೇಳುವ ಕ್ರಿಯಾಪದ ಬಂದರೆ ಅದನ್ನು ಮಾತ್ರ ಬಿಡುವಂತಿಲ್ಲ. ಬೆಂಕಿಯ ಹಿಂದಿನ ದಿನಕ್ಕೆ 'ಯೇರ್' ಅಂತ ಬರೆದಿದ್ದೀರಿ. ಅದು ಹೇಳುವವರ ನಿನ್ನೆ. ಕಥೆಯೊಳಗಿನ ಹಿಂದಿನ ದಿನಕ್ಕೆ 'ಲಾ ವೇಯ್' ಬೇಕು.

ನೆನಪು ಮುಗಿದದ್ದು ನನಗೆ ಗೊತ್ತಾಗಲಿಲ್ಲ. ಮಾರ್ತ್ ಕೀಲಿ ಹಿಡಿದು ಬೀದಿಯಲ್ಲಿ ನಿಂತಿದ್ದಳಲ್ಲ, ಆ ಕೀಲಿಯನ್ನೇ ಮತ್ತೆ ತನ್ನಿ, ಪಾಸೆ ಕೊಂಪೋಸೆಯಲ್ಲಿ: ಕೀಲಿಯನ್ನು ಜೇಬಿಗೆ ಹಾಕಿಕೊಂಡಳು. ನಾವೂ ಬೀದಿಗೆ ಬರುತ್ತೇವೆ.

ಇನ್ನು ಕೊನೆಯ ವಾಕ್ಯ: 'ಎಲ್ ಆವೆ ಕೊಂಪ್ರೀ'. ಅರ್ಥಮಾಡಿಕೊಂಡಿದ್ದಳು. ಇದು ಕೈತಪ್ಪೋ, ಬೇಕೆಂದೇ ಬರೆದದ್ದೋ ನನಗೆ ತಿಳಿಯಲಿಲ್ಲ. 'ಎಲ್ ಆ ಕೊಂಪ್ರೀ' ಅಂದರೆ ಈಗ, ಇಲ್ಲಿ, ಅಪ್ಪ ಯಾಕೆ ಹಾಗೆ ಮಾಡಿದ ಅಂತ ಅವಳಿಗೆ ಹೊಳೆಯಿತು. 'ಆವೆ' ಅಂದರೆ ರೈಲು ಹತ್ತುವ ಮೊದಲೇ ಗೊತ್ತಿತ್ತು, ಆದರೂ ಬಂದಳು. ಎರಡನೆಯದು ನನಗೆ ಜಾಸ್ತಿ ಇಷ್ಟ. ಅದನ್ನೇ ಉಳಿಸಿಕೊಳ್ಳುವುದಾದರೆ, ಅಂಗಡಿಯ ಮುಚ್ಚಿದ ಬಾಗಿಲು ನೋಡಿ ಅವಳು ಬೆಚ್ಚಿಬೀಳುವ ಸಾಲನ್ನು ಹೊಡೆದುಹಾಕಿ, ಮತ್ತೆ ಕಳಿಸಿ.